ಅರ್ಧಕ್ಕೆ ನಿಲ್ಲುತ್ತಿದ್ದ ಪುಟಗಳು

ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿ ನಮ್ಮ ಕಾಕಾ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾರೆ. ಜೂನ್ ಬಂತೆಂದರೆ 371(ಜೆ) ಪ್ರಮಾಣಪತ್ರ, ಜಾತಿ-ಆದಾಯ, ವಿದ್ಯಾರ್ಥಿವೇತನ ಎಂದು ಆಳಂದ, ಅಫಜಲಪುರದ ಕಡೆಯ ಮಕ್ಕಳು ಬೆಳಗ್ಗೆಯೇ ಬಂದು ಕುಳಿತಿರುತ್ತಾರೆ. ಅಂತಹ ಹೊತ್ತಿನಲ್ಲೇ ಹೊಸ ಫೈಬರ್ ಸಂಪರ್ಕ ಕೈಕೊಟ್ಟಿತು. ಕೆಲವು ತಾಣಗಳು ಥಟ್ಟನೆ ತೆರೆಯುತ್ತಿದ್ದವು. ಕೆಲವಲ್ಲಿ ಅಕ್ಷರಗಳು ಬಂದು ಚಿತ್ರಗಳ ಜಾಗ ಖಾಲಿ ಉಳಿಯುತ್ತಿತ್ತು. ಅರ್ಜಿಗೆ ಭಾವಚಿತ್ರ ಏರಿಸಲು ಹೋದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅದೇ ಕಂಪ್ಯೂಟರಿಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ಎಲ್ಲವೂ ಸರಾಗ.

"ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಹಾಗಾದರೆ ಲೈನ್ ಸರಿ ಇದೆ ಎಂದು ಲೈನ್‌ಮನ್ ಹೇಳಿ ಹೋದ, ನೀನೇ ಸ್ವಲ್ಪ ನೋಡು" ಎಂದು ಕಾಕಾ ಕರೆದರು. ನೆಟ್‌ವರ್ಕ್ ಕೆಲಸ ನನ್ನ ಹೊಟ್ಟೆಪಾಡು. ಆ ಮಾತು ಕೇಳಿದಾಗಲೇ ನನಗೆ ಅನುಮಾನ ಬಂತು. ಲೈನ್ ನಿಧಾನವಾಗಿದ್ದರೆ ಎಲ್ಲವೂ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಇಲ್ಲಿ ಚಿಕ್ಕದು ಕೂಡಲೇ ಬರುತ್ತಿತ್ತು, ದೊಡ್ಡದು ಬರುತ್ತಲೇ ಇರಲಿಲ್ಲ. ಇದು ಪ್ಯಾಕೆಟ್ ಗಾತ್ರದ, ಅಂದರೆ ಮಾಹಿತಿ ಜಾಲದಲ್ಲಿ ಸಾಗುವ ತುಂಡುಗಳ ಗಾತ್ರದ ತಕರಾರು. ಯೂಟ್ಯೂಬ್ ಬ್ರೌಸರಿನಲ್ಲಿ ಹೆಚ್ಚಾಗಿ ಕ್ವಿಕ್ ಎಂಬ ವಿಧಾನದಲ್ಲಿ ಬರುತ್ತದೆ. ಅದು 1200 ಬೈಟ್‌ಗಳ ಆಸುಪಾಸಿನ ಸಣ್ಣ ಪ್ಯಾಕೆಟ್‌ಗಳಿಂದಲೇ ಕೆಲಸ ಶುರು ಮಾಡುವುದರಿಂದ ಇಂತಹ ದೋಷ ಅದರಲ್ಲಿ ಕಾಣುವುದು ಕಷ್ಟ. ಅದನ್ನು ನೋಡಿ ಲೈನ್ ಸರಿ ಎನ್ನುವುದು ತಪ್ಪು.

ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಈ ಮಿತಿಗೆ ಎಂಟಿಯು ಎನ್ನುತ್ತಾರೆ. ಹೆಸರು, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಸಂಪರ್ಕ ತನಗಾಗಿ 8 ಬೈಟ್ ಇಟ್ಟುಕೊಳ್ಳುವುದರಿಂದ ಅಲ್ಲಿ ಉಳಿಯುವುದು 1492. ಕಾಕಾ ಅವರ ರೌಟರಿನಲ್ಲೂ ಅದೇ ಇತ್ತು. ಮುಂದೆ ದಾರಿ ಇನ್ನೂ ಕಿರಿದಾಗಿದೆಯೇ ಎಂಬುದನ್ನು, ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್‌ ಕಮಾಂಡ್‌ನಿಂದಲೇ ತಿಳಿಯಬಹುದು. ತುಂಡು ಮಾಡಬೇಡ ಎಂಬ ಗುರುತು ಹಾಕಿ ಬೇಕಾದ ಗಾತ್ರದ ಪ್ಯಾಕೆಟ್ ಕಳಿಸಿದರಾಯಿತು. ವಿಂಡೋಸ್‌ನಲ್ಲಿ ಹೀಗೆ:

```
ping 1.1.1.1 -f -l 1472
```

ಲಿನಕ್ಸ್ ಇದ್ದವರಿಗೆ `ping -M do -s 1472 1.1.1.1`. ಇಲ್ಲಿ ಕೊಡುವ ಅಂಕಿ ಒಳಗಿನ ಸರಕಿನದ್ದು ಮಾತ್ರ. ಅದರ ಮೇಲೆ 20 ಬೈಟ್ ಐಪಿ ತಲೆಬರಹ, ಪಿಂಗ್ ಮತ್ತು ದೋಷದ ಸುದ್ದಿಗಳನ್ನು ಸಾಗಿಸುವ ಐಸಿಎಂಪಿಯ 8 ಬೈಟ್ ತಲೆಬರಹ ಸೇರುವುದರಿಂದ 1472 ಎಂದರೆ ನಿಜದಲ್ಲಿ 1500.

ಪರದೆಯ ಮೇಲೆ `Packet needs to be fragmented but DF set.` ಎಂದು ಬಂತು. ಇದು ದೋಷವಲ್ಲ. 1492ಕ್ಕಿಂತ ದೊಡ್ಡದು ಹೋಗದು ಎಂದು ರೌಟರ್ ಬಾಯಿಬಿಟ್ಟು ಹೇಳುತ್ತಿದೆ. ಕಳಿಸಿದವನು ಗಾತ್ರ ಇಳಿಸಿಕೊಳ್ಳುತ್ತಾನೆ. ನಂತರ 1464 ಕೊಟ್ಟೆ, ಅಂದರೆ ಸರಿಯಾಗಿ 1492. ಉತ್ತರ ಬರಬೇಕಿತ್ತು. ಬಂದದ್ದು `Request timed out.` ಮಾತ್ರ. ರೌಟರ್ ಅದನ್ನು ಹೊರಗೆ ಬಿಟ್ಟಿತ್ತು, ಮುಂದೆಲ್ಲೋ ಅದು ಸದ್ದಿಲ್ಲದೆ ಬಿದ್ದುಹೋಗಿತ್ತು, ಬಿದ್ದಿತೆಂದು ಯಾರೂ ತಿಳಿಸಲಿಲ್ಲ. ನಾನು ಹುಡುಕುತ್ತಿದ್ದುದು ಈ ಮೌನವನ್ನೇ. ಸುದ್ದಿ ಬಾರದಿದ್ದರೆ ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸುತ್ತದೆ, ಭಾವಚಿತ್ರ ಏರುವುದೇ ಇಲ್ಲ. ಸರ್ವರ್ ಕಡೆಯಿಂದ ಬರುವ ದೊಡ್ಡ ಪ್ಯಾಕೆಟ್‌ಗಳ ಗತಿಯೂ ಅಷ್ಟೇ. ಒಂದೇ ಪುಟದ ಅಕ್ಷರ ಒಂದು ಸರ್ವರಿನಿಂದ, ಚಿತ್ರ ಇನ್ನೊಂದರಿಂದ ಬರುವುದುಂಟು. ಸಣ್ಣ ಪ್ಯಾಕೆಟ್ ಕಳಿಸುವ ಸರ್ವರಿನ ಪಾಲು ಮಾತ್ರ ತಲುಪಿ ಪುಟ ಅರ್ಧಕ್ಕೆ ನಿಲ್ಲುತ್ತದೆ.

ಕೆಲವು ಸರ್ವರ್‌ಗಳು ದೊಡ್ಡ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಆದ್ದರಿಂದ ಬೇರೊಂದು ವಿಳಾಸಕ್ಕೂ ಕಳಿಸಿ ಖಚಿತ ಮಾಡಿಕೊಂಡೆ. 1400 ಸರಾಗವಾಗಿ ಹೋಯಿತು. ಅಲ್ಲಿಂದ 1464ರವರೆಗಿನ ಅಂತರವನ್ನು ಅರ್ಧರ್ಧ ಮಾಡುತ್ತ ಬಂದೆ. 1432ಕ್ಕೆ ಉತ್ತರ ಬಂತು, 1433ಕ್ಕೆ ಮೌನ. 28 ಕೂಡಿಸಿದರೆ ದಾರಿಯ ನಿಜವಾದ ಮಿತಿ 1460. ಸಂಪರ್ಕ ಕೊಟ್ಟವರು ಒಳಗೆ ಇನ್ನೊಂದು ಟನಲ್ ಮೂಲಕ, ಅಂದರೆ ನಮ್ಮ ಪ್ಯಾಕೆಟನ್ನು ಇನ್ನೊಂದು ಪ್ಯಾಕೆಟಿನೊಳಗೆ ಇಟ್ಟು, ದಾಟಿಸುತ್ತಿರಬೇಕು. ಎಲ್‌2ಟಿಪಿ ಟನಲ್‌ಗಳಲ್ಲಿ 1460 ಸಾಮಾನ್ಯವಾಗಿ ಕಾಣುವ ಅಂಕಿ. ಪ್ಯಾಕೆಟ್ ಹೋಗುವಾಗ ಬಿತ್ತೋ ಬರುವಾಗ ಬಿತ್ತೋ ಎಂಬುದನ್ನು ಪಿಂಗ್ ಹೇಳಲಾರದು, ಆದರೆ ನನ್ನ ಕೆಲಸಕ್ಕೆ ಅಷ್ಟು ಸಾಕಿತ್ತು.

ರೌಟರನ್ನು ಮುಟ್ಟುವ ಮೊದಲು ಒಂದು ಕಂಪ್ಯೂಟರಿನಲ್ಲಿ ಮಾತ್ರ, ಮರುಚಾಲನೆಯಾದರೆ ಅಳಿಸಿಹೋಗುವಂತೆ, ಆಡಳಿತಾಧಿಕಾರದ ಕಮಾಂಡ್ ಕಿಟಕಿಯಲ್ಲಿ ಬದಲಿಸಿದೆ:

```
netsh interface ipv4 set subinterface "Ethernet" mtu=1460 store=active
```

ಆಳಂದ ಕಡೆಯ ಹುಡುಗಿಯೊಬ್ಬಳ ಭಾವಚಿತ್ರ ಆ ಕಂಪ್ಯೂಟರಿನಿಂದ ಕ್ಷಣದಲ್ಲಿ ಏರಿತು. ಪಕ್ಕದ ಕಂಪ್ಯೂಟರಿನಲ್ಲಿ ಚಕ್ರ ಇನ್ನೂ ಸುತ್ತುತ್ತಿತ್ತು. ಆಮೇಲೆ ರೌಟರಿನ WAN ಪುಟದಲ್ಲಿ MTU ಎಂಬಲ್ಲಿ 1492 ಅಳಿಸಿ 1460 ಬರೆದೆ. ಆ ರೌಟರ್ ಹಾದುಹೋಗುವ ಪ್ರತಿ ಟಿಸಿಪಿ ಸಂಪರ್ಕದ ಆರಂಭದಲ್ಲೇ ಒಂದು ತುಂಡಿನಲ್ಲಿ 1420 ಬೈಟ್‌ಗಿಂತ ಹೆಚ್ಚು ಸರಕು ಬೇಡ ಎಂದು ಎರಡೂ ಕಡೆಗೆ ತಿಳಿಸುತ್ತದೆ; ಉಳಿದ 40 ತಲೆಬರಹಗಳಿಗೆ. ಎಲ್ಲ ಕಂಪ್ಯೂಟರುಗಳಲ್ಲೂ ಪುಟಗಳು ಪೂರ್ತಿ ತೆರೆದವು.

ಯಾರಾದರೂ ರೌಟರಿನ ರೀಸೆಟ್ ಗುಂಡಿ ಒತ್ತಿದರೆ ಮತ್ತೆ 1492 ಬಂದು ಕೂರುತ್ತದೆ. ಅದಕ್ಕೇ ಅಂಕಿಯನ್ನು ಚೀಟಿಯಲ್ಲಿ ಬರೆದು ರೌಟರಿನ ಬೆನ್ನಿಗೆ ಅಂಟಿಸಿದೆ. ಸಂಪರ್ಕ ಕೊಟ್ಟವರಿಗೂ ಪಿಂಗ್ ಪರದೆಯ ಚಿತ್ರಗಳನ್ನು ಕಳಿಸಿ, ಗಾತ್ರ ಹೆಚ್ಚಾಯಿತೆಂಬ ಐಸಿಎಂಪಿ ಸಂದೇಶವನ್ನು ತಡೆಯದೆ ಬಿಡಿ ಎಂದು ಬರೆದಿದ್ದೇನೆ. ಆ ಸಂದೇಶ ತಲುಪಿದ್ದರೆ ನಾನು ಹೋಗುವ ಅಗತ್ಯವೇ ಇರುತ್ತಿರಲಿಲ್ಲ.