ನಮಸ್ಕಾರ ಐತಿ, ಕೆಲಸ ಎಲ್ಲೈತಿ?

“ಅಜ್ಜೀ, ಇದ್ರಾಗ ನಮಸ್ಕಾರ ಐತಿ. ಕೆಲಸ ಏನಂತ ಎಲ್ಲೈತಿ?”

ಸೋಮವಾರ ನಮ್ಮ ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರು ಹಾಲಮ್ಮಜ್ಜಿಗೆ ಕೇಳಿದ ಈ ಮಾತು ಇಡೀ ವಾರ ನನ್ನ ಬೆನ್ನು ಬಿಟ್ಟಿಲ್ಲ. ಅವರು ಗದರಿಸಲಿಲ್ಲ. ಎರಡು ಪುಟದ ಅರ್ಜಿಯನ್ನು ತಿರುವಿ ಹಾಕಿ, ಕನ್ನಡಕ ಮೇಲಕ್ಕೆ ಸರಿಸಿ ಕೇಳಿದರು, ಅಷ್ಟೇ. ಆದರೆ ಅಜ್ಜಿಯ ಮುಖ ಬಾಡಿಹೋಯಿತು. ದುಡ್ಡು ಕೊಟ್ಟು ಬರೆಸಿದ್ದ ಅರ್ಜಿ ಅದು.

ದಾವಣಗೆರೆಯ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ನನ್ನ ಕೆಲಸ. ಅರ್ಜಿ ಓದುವುದೇ ನನ್ನ ಹೊಟ್ಟೆಪಾಡು. ಅಂದು ರಜೆ ಹಾಕಿ ಊರಿಗೆ ಹೋಗಿದ್ದೆ. “ತಮ್ಮಾ, ಒಂದೀಟು ಜತಿಗೆ ಬಾ” ಅಂತ ಅಜ್ಜಿ ಕರೆದರು, ಹೋದೆ. ಅವರ ಎರಡು ಎಕರೆ ಹತ್ತು ಗುಂಟೆ ಹೊಲದ ಪಹಣಿಯಲ್ಲಿ, ಕಾಲಂ 9ರಲ್ಲಿ, ಹೆಸರು ‘ಹಾಲಪ್ಪ ಕೋಂ ತಿಪ್ಪಣ್ಣ’ ಎಂದಿದೆ. ಕೋಂ ಅಂದರೆ ಇಂಥವರ ಹೆಂಡತಿ. ಗಂಡಸಾಗಿದ್ದರೆ ಬಿನ್ ಇರಬೇಕಿತ್ತು. ಮ್ಯುಟೇಶನ್ ಪ್ರತಿಯಲ್ಲಿ ‘ಹಾಲಮ್ಮ’ ಎಂದು ಸರಿಯಾಗಿಯೇ ಇದೆ. ಪಹಣಿ ಕಂಪ್ಯೂಟರಿಗೆ ಏರುವಾಗ ಯಾರದೋ ಬೆರಳು ತಪ್ಪಿದೆ. ಆಧಾರ್‌ಗೆ ಹೆಸರು ಹೊಂದುವುದಿಲ್ಲವಾದ್ದರಿಂದ ಬ್ಯಾಂಕಿನವರು ಬೆಳೆಸಾಲಕ್ಕೆ ಆಗುವುದಿಲ್ಲ ಅಂದಿದ್ದಾರೆ.

ಟೈಪಿಂಗ್ ಅಂಗಡಿಯವರು ಬರೆದುಕೊಟ್ಟಿದ್ದ ಅರ್ಜಿ ಶುರುವಾಗಿದ್ದು ಹೀಗೆ: “ಪರಮಪೂಜ್ಯ ತಹಶೀಲ್ದಾರ್ ಸಾಹೇಬರ ಪಾದಾರವಿಂದಗಳಿಗೆ ಬಡವಳಾದ ಹಾಲಮ್ಮಳು ಮಾಡುವ ಅನಂತ ನಮಸ್ಕಾರಗಳು.” ವಿಷಯದ ಮುಂದೆ “ನನ್ನ ಜಮೀನಿನ ಬಗ್ಗೆ” ಎಂದಷ್ಟೇ ಇತ್ತು. ಆಮೇಲೆ ಒಂದೂವರೆ ಪುಟ ಕಷ್ಟದ ಕಥೆ, ಮಧ್ಯೆ ಮಧ್ಯೆ “ತಾವೇ ದೇವರು”. ಸರ್ವೆ ನಂಬರ್ ಎರಡನೇ ಪುಟದ ಕೆಳಗೆ ಅವಿತಿತ್ತು. ಯಾವ ಹೆಸರು ತಪ್ಪು, ಯಾವುದು ಸರಿ ಅನ್ನುವುದು ಎಲ್ಲಿಯೂ ಇರಲಿಲ್ಲ.

ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅರ್ಜಿಯ ಒಂದೊಂದು ಸಾಲಿಗೂ ಅದರದೇ ಕೆಲಸವಿರುತ್ತದೆ. ಟಪಾಲಿನಲ್ಲಿ ಕೂತವನು ಮೊದಲು ನೋಡುವುದು ವಿಷಯದ ಸಾಲನ್ನು. ಅರ್ಜಿ ಯಾರ ಮೇಜಿಗೆ ಹೋಗಬೇಕು ಎಂದು ತೀರ್ಮಾನವಾಗುವುದು ಅಲ್ಲೇ. ‘ಜಮೀನಿನ ಬಗ್ಗೆ’ ಅಂದರೆ ಖಾತೆಯೋ, ಪೋಡಿಯೋ, ಒತ್ತುವರಿಯೋ, ಪರಿಹಾರವೋ? ಆ ನಿರ್ವಾಹಕರು ಕೇಳಿದ್ದು ಅದನ್ನೇ.

ಕಚೇರಿ ಎದುರಿನ ಬೇವಿನ ಮರದ ಕಟ್ಟೆಯ ಮೇಲೆ ಕೂತು ಹೊಸದಾಗಿ ಬರೆದೆವು. ‘ಮಾನ್ಯ ತಹಶೀಲ್ದಾರರಿಗೆ’ ಎಂದು ಹುದ್ದೆಗೆ ಬರೆದೆ, ಹೆಸರು ಹಾಕಲಿಲ್ಲ. ನಾಳೆ ವರ್ಗಾವಣೆಯಾದರೂ ಅರ್ಜಿ ಕುರ್ಚಿಯಲ್ಲಿ ಇರುವವರಿಗೇ ಸಲ್ಲುತ್ತದೆ. ಸಂಬೋಧನೆಗೆ ‘ಮಾನ್ಯರೇ’. ನಮ್ಮ ತಹಶೀಲ್ದಾರರು ಹೆಣ್ಣುಮಗಳು, ‘ಮಹಾಶಯರೇ’ ಅಂದರೆ ಗಂಡಸಿಗೆ ಅಂದಂತೆ ಆಗುತ್ತದೆ. ಮಾನ್ಯರೇ ಇಬ್ಬರಿಗೂ ಹೊಂದುತ್ತದೆ.

ವಿಷಯದ ಸಾಲನ್ನು ಉದ್ದಕ್ಕೇ ಬರೆದೆ: “ಸದರಿ ಗ್ರಾಮದ ಸರ್ವೆ ನಂಬರಿನ ಪಹಣಿಯ ಕಾಲಂ 9ರಲ್ಲಿ ‘ಹಾಲಪ್ಪ’ ಎಂದು ತಪ್ಪಾಗಿ ನಮೂದಾಗಿರುವ ಹೆಸರನ್ನು ‘ಹಾಲಮ್ಮ’ ಎಂದು ತಿದ್ದುಪಡಿ ಮಾಡಿಕೊಡುವಂತೆ ಕೋರಿ.” ಊರಿನ ಹೆಸರು, ನಂಬರು ಅದರಲ್ಲೇ ಸೇರಿಸಿದೆ. ಒಳಗಿನ ಒಕ್ಕಣೆ ಎಂಟು ಸಾಲಿನಲ್ಲಿ ಮುಗಿಯಿತು.

ಗಂಡನ ಹೆಸರು ಬಂದಾಗ ಅಜ್ಜಿ ಬಾಯಿ ಬಿಡಲಿಲ್ಲ. ಚೀಲದಿಂದ ಆಧಾರ್ ತೆಗೆದು, ಹೆಸರಿನ ಕೆಳಗೆ ಉಗುರು ಇಟ್ಟು ತೋರಿಸಿದರು. ನಾನು ‘ತಿಪ್ಪಣ್ಣ’ ಎಂದು ಬರೆದದ್ದನ್ನು ಓದಿ ಹೇಳಿದ ಕೂಡಲೇ, “ಹಂಗ ಬರಿಯಬ್ಯಾಡಪ್ಪಾ, ಅವರು ಅಂತ ಹಾಕು” ಅಂದರು. ನ್ಯಾಯವಾದ ಮಾತು. ಒಕ್ಕಣೆಯಲ್ಲಿ “ನನ್ನ ಪತಿ ದಿವಂಗತ ತಿಪ್ಪಣ್ಣ ಅವರು” ಎಂದೇ ಬರೆದೆ. ಆದರೆ ಪಹಣಿಯಲ್ಲಿ ಏರಬೇಕಾದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ‘ಹಾಲಮ್ಮ ಕೋಂ ತಿಪ್ಪಣ್ಣ’ ಎಂದು ಬರಿದಾಗಿ ಇಟ್ಟೆ. ಅಲ್ಲಿ ಅವರು, ಶ್ರೀಮತಿ ಯಾವುದೂ ಬೇಡ. ನಮ್ಮ ಕಡೆ ‘ನವರ’ ಎಂದು ಮುಗಿಯುವ ಮನೆತನದ ಹೆಸರುಗಳು ಇರುವುದರಿಂದ, ತಿಪ್ಪಣ್ಣನವರು ಎಂದು ಕೂಡಿಸಿ ಬರೆದರೆ ಗೌರವದ ಮಾತೇ ಹೆಸರಿನ ಬಾಲವಾಗಿ ದಾಖಲೆಗೆ ಅಂಟಿಕೊಳ್ಳಬಹುದು. ಆಮೇಲೆ ಅದನ್ನು ತೆಗೆಸಲು ಇನ್ನೊಂದು ಅರ್ಜಿ. ಇದನ್ನು ಅಜ್ಜಿಗೆ ಬಿಡಿಸಿ ಹೇಳಿದಾಗ ಒಪ್ಪಿದರು.

ತೊಡಕಿನ ಜಾಗ ಇನ್ನೊಂದಿತ್ತು. ಹಳೆಯ ಅರ್ಜಿಯಲ್ಲಿ “ಗ್ರಾಮ ಆಡಳಿತಾಧಿಕಾರಿಗಳು ತಮ್ಮ ಕಚೇರಿಗೆ ವರದಿ ಕೊಡುತ್ತಾರೆ” ಎಂದಿತ್ತು. ಯಾರ ಕಚೇರಿಗೆ? ಓದುತ್ತಿರುವ ತಹಶೀಲ್ದಾರರ ಕಚೇರಿಗೋ, ಆ ಅಧಿಕಾರಿಯದೇ ಕಚೇರಿಗೋ? ‘ತಮ್ಮ’ ಎದುರಿಗಿರುವವರಿಗೂ ಆಗುತ್ತದೆ, ವಾಕ್ಯದ ಕರ್ತೃವಿಗೂ ಆಗುತ್ತದೆ. ಮೂರನೆಯವರೊಬ್ಬರು ವಾಕ್ಯದೊಳಗೆ ಬಂದರೆಂದರೆ ಗೊಂದಲ ಖಂಡಿತ. ಇಂಥ ಕಡೆ ನಾನು ತಮ್ಮ ಬಿಟ್ಟು ‘ತಾಲ್ಲೂಕು ಕಚೇರಿಗೆ’ ಎಂದೇ ಬರೆಯುತ್ತೇನೆ. ಗೌರವ ಇಷ್ಟರಿಂದ ಕಡಿಮೆಯಾಗುವುದಿಲ್ಲ. ಉಳಿದ ಕಡೆಯೆಲ್ಲ ತಾವು, ತಮ್ಮಲ್ಲಿ ಎಂದು ಹಿಡಿದರೆ ಕೊನೆಯವರೆಗೂ ಅದೇ ಇರಬೇಕು. ಆ ಅರ್ಜಿಯಲ್ಲಿ ಮೊದಲ ಪುಟದಲ್ಲಿ ‘ತಾವು ದಯಪಾಲಿಸಬೇಕು’, ಎರಡನೇ ಪುಟದಲ್ಲಿ ‘ನೀವು ಬೇಗ ಮಾಡಿಕೊಡಿ’. ಓದುವವರಿಗೆ, ಇಷ್ಟು ಹೊತ್ತು ಕೈ ಮುಗಿದವರು ಈಗ ದಬಾಯಿಸುತ್ತಿದ್ದಾರೆ ಅನ್ನಿಸುತ್ತದೆ.

ಕೊನೆಯ ವಾಕ್ಯಕ್ಕೆ ಬಂದಾಗ ನಾವಿಬ್ಬರೂ ಜಗಳವಾಡಿದೆವು. “ತಿದ್ದುಪಡಿ ಮಾಡಿಕೊಡಬೇಕಾಗಿ ಕೋರುತ್ತೇನೆ” ಎಂದು ನಾನು. “ಬೇಡ್ಕೊಳ್ತೀನಿ ಅಂತ ಹಾಕು, ದೊಡ್ಡೋರು” ಎಂದು ಅಜ್ಜಿ. ತಪ್ಪು ಆಗಿದ್ದು ಕಚೇರಿಯ ದಾಖಲೆಯಲ್ಲಿ. ಹೊಲ ಅವರದು, ಹೆಸರು ಅವರದು. ಅದನ್ನು ಸರಿಪಡಿಸಲು ಯಾರೂ ಏನನ್ನೂ ದಯಪಾಲಿಸಬೇಕಿಲ್ಲ. ಕೋರುವುದು ಮರ್ಯಾದೆಯ ಮಾತು, ಬೇಡುವುದು ದಾನ ಕೇಳುವವರ ಮಾತು.

ನನ್ನನ್ನು ಹೆಚ್ಚು ಕಾಡಿದ್ದು ‘ಹಾಲಮ್ಮಳು’ ಎಂಬ ಆ ‘ಳು’. ಎಪ್ಪತ್ತು ದಾಟಿದ ಹೆಂಗಸು, ಊರೆಲ್ಲ ‘ಅಜ್ಜಿಯವರು ಬಂದರು’ ಅನ್ನುತ್ತದೆ. ಅರ್ಜಿಯಲ್ಲಿ ಮಾತ್ರ ಅವರು ಏಕವಚನದ ಬಡವಳು, ಮೊಮ್ಮಗಳ ವಯಸ್ಸಿನ ಅಧಿಕಾರಿ ಪರಮಪೂಜ್ಯರು. ಹೀಗೆ ತಗ್ಗಬೇಕೆಂದು ಕನ್ನಡ ಕೇಳುವುದೇ ಇಲ್ಲ. ‘ನಾನು ಕೋರುತ್ತೇನೆ’ ಅಂದಾಗ ‘ನಾನು’ ಮೇಲೂ ಇಲ್ಲ, ಕೆಳಗೂ ಇಲ್ಲ. ಎದುರಿನವರನ್ನು ‘ತಾವು’ ಎಂದು ಎಷ್ಟೇ ಎತ್ತರಕ್ಕೆ ಏರಿಸಿದರೂ ಹೇಳುವವರು ಇದ್ದಲ್ಲೇ ನಿಲ್ಲಬಹುದು. ಬಡವಳು, ಪಾದ, ದೇವರು ಇವೆಲ್ಲ ನಾವು ಮೇಲಿಂದ ಸುರಿದುಕೊಂಡದ್ದು. ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಹೀಗೆ ತಮ್ಮನ್ನು ಇಳಿಸಿಕೊಂಡವರು ಹೆಚ್ಚಾಗಿ ವಯಸ್ಸಾದ ಹೆಂಗಸರೇ, ಬರೆದುಕೊಟ್ಟವರು ಬೇರೆ ಯಾರೋ. ತಮ್ಮ ಹೆಸರಿನಲ್ಲಿ ಏನು ಬರೆಯಲಾಗಿದೆ ಎಂದು ಅವರಿಗೆ ಯಾರೂ ಓದಿ ಹೇಳಿರುವುದಿಲ್ಲ.

ಅಜ್ಜಿಗೆ ಪೂರಾ ಓದಿ ಹೇಳಿದೆ. “ಒಂದು ನಮಸ್ಕಾರನೂ ಇಲ್ಲಲ್ಲೋ” ಅಂದರು. ಕೆಳಗೆ ‘ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ’ ಎಂದು ಸೇರಿಸಿದೆ. ಪಹಣಿ, ಮ್ಯುಟೇಶನ್ ಪ್ರತಿ, ಆಧಾರ್ ಮೂರನ್ನೂ ಅಡಕದಲ್ಲಿ ಬರೆದು ಲಗತ್ತಿಸಿದೆವು. ಅಜ್ಜಿ ನಿಧಾನವಾಗಿ ಸಹಿ ಮಾಡಿದರು.

ನಿರ್ವಾಹಕರು ವಿಷಯದ ಸಾಲು ಓದಿ, ಮ್ಯುಟೇಶನ್ ಪ್ರತಿ ತೆಗೆದು ತಾಳೆ ನೋಡಿದರು. ನಮ್ಮ ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಮೊಹರು ಒತ್ತಿ ಕೊಟ್ಟು, “ಊರಿನ ಆಡಳಿತಾಧಿಕಾರಿಗಳ ವರದಿಗೆ ಕಳಿಸ್ತೀನಿ, ಅಜ್ಜಿ. ಅವರು ಬಂದಾಗ ಮ್ಯುಟೇಶನ್ ಪ್ರತಿ ಮತ್ತೊಮ್ಮೆ ತೋರಿಸ್ರಿ” ಅಂದರು. ವರದಿ ಇನ್ನೂ ಬಂದಿಲ್ಲ. ಮುಂದಿನ ವಾರ ಮೊಹರಿನ ಪ್ರತಿ ಹಿಡಿದುಕೊಂಡು ಅಜ್ಜಿಯೇ ಹೋಗಿ ಕೇಳುತ್ತಾರಂತೆ.