ಇಂಗ್ಲಿಷಿನ ‘ಇಫ್’, ನಮ್ಮ ‘ರೆ’

“ಸರ್, ‘ಐ’ ಜೊತೆ ‘ವಾಸ್’ ಬರುತ್ತೆ ಅಂತ ಸ್ಕೂಲಲ್ಲಿ ಕಲಿತಿದ್ದೀವಿ. ಮತ್ತೆ ‘ಇಫ್ ಐ ವರ್ ಯು’ ಅಂತ ಯಾಕಂತಾರೆ? ನಾನು ಯಾವುದು ಬರೀಲಿ?”

ಮಾತಾಡುವಾಗ ಯಾವುದಾದರೂ ನಡೆಯುತ್ತೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಆಫೀಸಿನ ಮೇಲ್‌ನಲ್ಲಿ ‘ವರ್’ ಬರೆಯಿರಿ. ಆದರೆ ನೀವು ಹೇಳುತ್ತಿರುವುದು ಈಗಿನ ನಿಜಕ್ಕೆ ವಿರುದ್ಧವಾಗಿದ್ದಾಗ ಮಾತ್ರ. ಈ ‘ಮಾತ್ರ’ವನ್ನು ಜನ ಮರೆತುಬಿಡುತ್ತಾರೆ. ‘ವರ್’ ಬರಬೇಕಾದಲ್ಲಿ ‘ವಾಸ್’ ಬರೆದರೆ ನನಗೆ ಅಷ್ಟೇನೂ ಬೇಜಾರಿಲ್ಲ. ‘ಇಫ್’ ಕಂಡಲ್ಲೆಲ್ಲ ‘ವರ್’ ತುರುಕುವುದಿದೆಯಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ಯಾಕೆಂದರೆ ಅಲ್ಲಿ ಅರ್ಥವೇ ಕೆಡುತ್ತದೆ.

ಈ ‘ವರ್’ ಬಹುವಚನವೂ ಅಲ್ಲ, ಭೂತಕಾಲವೂ ಅಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳಲು ಕ್ರಿಯಾಪದಕ್ಕೆ ಒಂದು ರೂಪ, ಊಹೆಯನ್ನೋ ಆಸೆಯನ್ನೋ ಹೇಳಲು ಇನ್ನೊಂದು ರೂಪ ಇತ್ತು. ಆ ಎರಡನೆಯದಕ್ಕೆ ಸಬ್‌ಜಂಕ್ಟಿವ್ ಅಂತಾರೆ. ಬರಬರುತ್ತಾ ಪದಗಳ ಕೊನೆ ಸವೆದು ಎರಡೂ ರೂಪಗಳು ಒಂದೇ ಥರ ಆಗಿಹೋದವು. ‘ಇಫ್ ಐ ಹ್ಯಾಡ್’, ‘ಇಫ್ ಐ ನ್ಯೂ’ ಅನ್ನುವಾಗ ಈಗ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ‘ಬಿ’ ಅನ್ನುವ ಒಂದೇ ಕ್ರಿಯಾಪದದಲ್ಲಿ, ಅದೂ ‘ಐ’, ‘ಹಿ’, ‘ಶಿ’, ‘ಇಟ್’ ಜೊತೆ ಮಾತ್ರ ಹಳೆಯ ರೂಪ ‘ವರ್’ ಆಗಿ ಉಳಿದಿದೆ. ‘ಯು’, ‘ವಿ’, ‘ದೇ’ ಜೊತೆ ಹೇಗೂ ‘ವರ್’ರೇ ಬರುತ್ತೆ, ಅಲ್ಲಿ ಜಗಳವೇ ಇಲ್ಲ. ಆ ಉಳಿದ ಜಾಗದಲ್ಲೂ ಇಂಗ್ಲಿಷರು 17ನೇ ಶತಮಾನದಿಂದಲೇ ‘ವಾಸ್’ ಬರೆಯುತ್ತಾ ಬಂದಿದ್ದಾರೆ. ಹಾಗಾಗಿ ಯಾರಾದರೂ ‘ಇಫ್ ಐ ವಾಸ್ ರಿಚ್’ ಅಂದರೆ ಅವರ ಇಂಗ್ಲಿಷ್ ಕೆಟ್ಟಿದೆ ಅಂತ ಮೂಗು ಮುರಿಯುವುದು ಸುಮ್ನೆ ಜಂಬ. ‘ಇಫ್ ಐ ವರ್ ಯು’ ಮಾತ್ರ ಒಂದು ನುಡಿಗಟ್ಟಿನ ಹಾಗೆ ಗಟ್ಟಿಯಾಗಿ ನಿಂತುಬಿಟ್ಟಿದೆ. ಅದನ್ನು ಬದಲಿಸಲು ಹೋಗಬೇಡಿ.

ಸರಿ, ನಿಜಕ್ಕೆ ವಿರುದ್ಧ ಅಂತ ಗೊತ್ತಾಗುವುದು ಹೇಗೆ? ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. “ದುಡ್ಡಿದ್ದರೆ ಕೊಡುತ್ತೇನೆ” ಅಂದರೆ ಜೇಬಲ್ಲಿ ಇರಬಹುದು, ನೋಡಿ ಹೇಳುತ್ತೇನೆ ಅಂತ. “ದುಡ್ಡಿದ್ದರೆ ಕೊಡುತ್ತಿದ್ದೆ” ಅಂದರೆ ಇಲ್ಲ ಮಾರಾಯ, ಕೇಳಬೇಡ ಅಂತ. ಎರಡರಲ್ಲೂ ‘ಇದ್ದರೆ’ ಒಂದೇ. ವ್ಯತ್ಯಾಸ ಇರುವುದು ಮಾತಿನ ಕೊನೆಯಲ್ಲಿ, ‘ಕೊಡುತ್ತೇನೆ’, ‘ಕೊಡುತ್ತಿದ್ದೆ’ ಅನ್ನುವಲ್ಲಿ. ಇಂಗ್ಲಿಷ್ ಹಾಗಲ್ಲ, ಎರಡೂ ಕಡೆ ಬದಲಾಯಿಸುತ್ತದೆ. ಬಿಡುವಿದ್ದರೆ ಬರುತ್ತೇನೆ ಅನ್ನಲು ‘ಇಫ್ ಐ ಆಮ್ ಫ್ರೀ, ಐ ವಿಲ್ ಕಮ್’. ಬಿಡುವಿದ್ದರೆ ಬರುತ್ತಿದ್ದೆ ಅನ್ನಲು ‘ಇಫ್ ಐ ವರ್ ಫ್ರೀ, ಐ ವುಡ್ ಕಮ್’. ಆದ್ದರಿಂದ ಬರೆಯುವ ಮುಂಚೆ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ಕೊನೆಗೆ ‘ತ್ತಿದ್ದೆ’, ‘ತ್ತಿರಲಿಲ್ಲ’ ಬಾರದೇ ಹೋದರೆ ‘ವರ್’ ಹತ್ತಿರಕ್ಕೂ ಹೋಗಬೇಡಿ.

ಒಂದು ಮೇಲ್ ತೆಗೆದುಕೊಳ್ಳೋಣ. ನೆನ್ನೆಯ ಮೀಟಿಂಗಿನಲ್ಲಿ ನೀವು ಸ್ವಲ್ಪ ಒರಟಾಗಿ ನಡೆದುಕೊಂಡಿರಬಹುದು, ಕ್ಷಮೆ ಕೇಳಬೇಕು. ವ್ಯಾಕರಣ ಬಲ್ಲೆ ಅನ್ನುವ ಹುಮ್ಮಸ್ಸಿನಲ್ಲಿ ‘ಇಫ್ ಐ ವರ್ ರೂಡ್ ಯೆಸ್ಟರ್‌ಡೇ, ಐ ಆಮ್ ಸಾರಿ’ ಅಂತ ಬರೆಯುತ್ತೀರಿ. ಕನ್ನಡದಲ್ಲಿ ಹೇಳಿ ನೋಡಿ: “ನಾನು ಒರಟಾಗಿ ನಡೆದುಕೊಂಡಿದ್ದರೆ ಕ್ಷಮಿಸಿ.” ಎಲ್ಲೂ ‘ತ್ತಿದ್ದೆ’ ಇಲ್ಲ. ಒರಟಾಗಿದ್ದಿರಲೂಬಹುದು ಅಂತ ನೀವು ಒಪ್ಪುತ್ತಿದ್ದೀರಿ. ಇಲ್ಲಿ ‘ವಾಸ್’ ಮಾತ್ರ ಸರಿ. ‘ವರ್’ ಹಾಕಿದರೆ, ನಾನೇನೂ ಒರಟಾಗಿರಲಿಲ್ಲ, ಆದರೂ ಸಾರಿ ಅನ್ನುವ ಛಾಯೆ ಬರುತ್ತದೆ. ಕ್ಷಮೆ ಕೇಳಲು ಹೋಗಿ ಇನ್ನೊಂದು ಜಗಳ ತಂದುಕೊಂಡ ಹಾಗೆ, ಅಲ್ವಾ?

‘ಹಿ ಆಸ್ಕ್ಡ್ ಇಫ್ ಐ ವಾಸ್ ಮ್ಯಾರೀಡ್’ ಅನ್ನುವಲ್ಲೂ ‘ವಾಸ್’ ತಪ್ಪೆಂದು ತಿದ್ದುವವರಿದ್ದಾರೆ. ತಿದ್ದಬೇಕಾಗಿಲ್ಲ. ಮದುವೆ ಆಗಿದೆಯಾ ಅಂತ ಕೇಳಿದರು, ಅಷ್ಟೇ. ಕನ್ನಡದಲ್ಲಿ ಇದಕ್ಕೆ ‘ರೆ’ ಬರುವುದೇ ಇಲ್ಲ, ‘ಆ ಅಂತ’ ಬರುತ್ತದೆ. ಹೆಸರಿಗೆ ಅದೂ ‘ಇಫ್’, ಆದರೆ ಅದರ ಕೆಲಸ ‘ವೆದರ್’ದು.

ಕನ್ನಡದ ಈ ಪರೀಕ್ಷೆ ಎರಡು ಕಡೆ ಕೈಕೊಡುತ್ತದೆ. ಒಂದು, ರೂಢಿಯ ಮಾತು. “ಶಾಲೆಯಿಂದ ಬರೋದು ತಡವಾದರೆ ಅಪ್ಪ ಬೈಯುತ್ತಿದ್ದರು.” ಕೊನೆಯಲ್ಲಿ ‘ತ್ತಿದ್ದರು’ ಇದೆ, ಇಂಗ್ಲಿಷಿನಲ್ಲೂ ‘ವುಡ್’ ಬರುತ್ತದೆ. ಆದರೆ ಇದು ಊಹೆಯಲ್ಲ. ನಿಜವಾಗಿ ಎಷ್ಟೋ ಸಲ ತಡವಾಗಿದೆ, ಬೈಗುಳವೂ ಬಿದ್ದಿದೆ. ಆದ್ದರಿಂದ ‘ಇಫ್ ಐ ವಾಸ್ ಲೇಟ್, ಮೈ ಫಾದರ್ ವುಡ್ ಸ್ಕೋಲ್ಡ್ ಮಿ’. ಅನುಮಾನ ಬಂದರೆ ‘ತಡವಾದರೆ’ ಬದಲು ‘ತಡವಾದಾಗಲೆಲ್ಲ’ ಅಂತ ಹಾಕಿ ನೋಡಿ. ಅರ್ಥ ಕೂತರೆ ‘ವಾಸ್’.

ಎರಡನೆಯದು ಕಾಲ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. “ಈಗ ದುಡ್ಡಿದ್ದರೆ ಕೊಡುತ್ತಿದ್ದೆ”, “ಹೋದ ವರ್ಷ ದುಡ್ಡಿದ್ದರೆ ಕೊಡುತ್ತಿದ್ದೆ” ಎರಡೂ ಸಹಜ ಕನ್ನಡ. ಕ್ರಿಯಾಪದ ಬದಲಾಗುವುದಿಲ್ಲ, ‘ಈಗ’, ‘ಹೋದ ವರ್ಷ’ ಅನ್ನುವ ಪದಗಳೇ ಕಾಲವನ್ನು ಹೇಳುತ್ತವೆ. ಇಂಗ್ಲಿಷಿಗೆ ಅಷ್ಟು ಸಾಲದು. ಈಗಿನದಕ್ಕೆ ‘ಇಫ್ ಐ ಹ್ಯಾಡ್ ದ ಮನಿ, ಐ ವುಡ್ ಗಿವ್ ಇಟ್’. ಹೋದ ವರ್ಷದ್ದಾದರೆ ಇನ್ನೊಂದು ಹೆಜ್ಜೆ ಹಿಂದೆ ಸರಿಯಬೇಕು: ‘ಇಫ್ ಐ ಹ್ಯಾಡ್ ಹ್ಯಾಡ್ ದ ಮನಿ, ಐ ವುಡ್ ಹ್ಯಾವ್ ಗಿವನ್ ಇಟ್’. ಎರಡು ‘ಹ್ಯಾಡ್’ ನೋಡಿ ಗಾಬರಿಯಾಗಬೇಡಿ, ಅಚ್ಚಿನ ತಪ್ಪಲ್ಲ ಅದು. ‘ವರ್’ ಕೂಡ ಹೀಗೇ. ಅದು ಈಗಿನ ಊಹೆಗೆ ಮಾತ್ರ. ನಿನ್ನೆ ನಾನು ಅಲ್ಲಿದ್ದಿದ್ದರೆ ಅನ್ನಬೇಕಾದರೆ ‘ಇಫ್ ಐ ವರ್ ದೇರ್ ಯೆಸ್ಟರ್‌ಡೇ’ ಅಲ್ಲ, ‘ಇಫ್ ಐ ಹ್ಯಾಡ್ ಬೀನ್ ದೇರ್’. ಅಲ್ಲಿ ‘ವಾಸ್’, ‘ವರ್’ ಎರಡೂ ಆಟದಿಂದ ಹೊರಗೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ‘ಇಫ್ ಐ ವುಡ್ ಹ್ಯಾವ್ ನೋನ್’. ಅಮೆರಿಕದವರ ಬಾಯಲ್ಲೂ ಇದನ್ನು ಕೇಳುತ್ತೀರಿ, ಆದರೂ ಬರಹದಲ್ಲಿ ಬೇಡ. ‘ವುಡ್’ ಇರಬೇಕಾದದ್ದು ಫಲ ಹೇಳುವ ಭಾಗದಲ್ಲಿ, ಕನ್ನಡದ ‘ತ್ತಿದ್ದೆ’ ಇರುವ ಜಾಗದಲ್ಲಿ. ‘ರೆ’ ಇರುವ ಭಾಗದಲ್ಲಿ ‘ಇಫ್ ಐ ಹ್ಯಾಡ್ ನೋನ್’ ಸಾಕು. ವಿನಯಕ್ಕೆ ‘ಇಫ್ ಯು ವುಡ್ ವೇಟ್ ಹಿಯರ್’ ಅಂತಾರಲ್ಲ, ಅದು ಬೇರೆ. ಅಲ್ಲಿ ‘ವುಡ್’ ಅಂದರೆ ದಯವಿಟ್ಟು ಒಪ್ಪಿದರೆ ಅಂತ.

ಕೊನೆಗೆ, ‘ವಾಸ್’ ಬರಲೇಬಾರದ ಒಂದು ಜಾಗವೂ ಇದೆ. ‘ಇಫ್’ ತೆಗೆದು ವಾಕ್ಯವನ್ನು ತಿರುಗಿಸಿದಾಗ ‘ವರ್ ಐ ಇನ್ ಯುವರ್ ಪ್ಲೇಸ್’ ಅಂತಲೇ ಬರೆಯಬೇಕು. ಅಲ್ಲಿ ‘ವಾಸ್ ಐ’ ಅಂತ ಶುರು ಮಾಡಿದರೆ ಓದುವವರು ಅದನ್ನು ಪ್ರಶ್ನೆ ಅಂದುಕೊಂಡು, ವಾಕ್ಯದ ಕೊನೆಯಲ್ಲಿ ಪ್ರಶ್ನೆ ಚಿಹ್ನೆ ಹುಡುಕುತ್ತಾರೆ.