ದೊಡ್ಡವ್ವನಿಗೆ ಶಾಲು, ಮಗಳದ್ದೊಂದು ಪ್ರಶ್ನೆ

ನನ್ನ ತಮ್ಮ ಕಲಬುರಗಿಯ ಒಂದು ಬೇಳೆ ಗಿರಣಿಯಲ್ಲಿ ಮ್ಯಾನೇಜರ್. ಅಲ್ಲಿ ಈ ವರ್ಷ ‘ತಿಂಗಳ ಉತ್ತಮ ಕೆಲಸಗಾರ’ ಅಂತ ಸನ್ಮಾನ ಶುರು ಮಾಡಿದ್ದಾರೆ. ಮೊದಲ ಸನ್ಮಾನ ಯಾರ್ಡಿನಲ್ಲಿ ತೊಗರಿ ಒಣಗಿಸುವ ಹಿರಿಯ ಹೆಣ್ಮಗಳಿಗೆ. ಗಿರಣಿಯಲ್ಲಿ ಎಲ್ಲರೂ ಅವರನ್ನ ದೊಡ್ಡವ್ವ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಶನಿವಾರ ಕಾರ್ಯಕ್ರಮ. ತಮ್ಮ ಬುಧವಾರವೇ ತನ್ನ ಭಾಷಣ ಓದಿ, ವಿಡಿಯೋ ಮಾಡಿ, "ಅಕ್ಕಾ, ಹ್ಯಾಂಗದ ನೋಡು" ಅಂತ ವಾಟ್ಸಾಪ್‌ಗೆ ಹಾಕಿದ್ದ.

ಇಂಗ್ಲೆಂಡಿನ ಲೆಸ್ಟರ್‌ನ ನಮ್ಮ ಅಡುಗೆಮನೆಯಲ್ಲಿ ಅದನ್ನ ಹಚ್ಚಿದೆ. "ನಿಷ್ಠೆಯ ಪ್ರತಿರೂಪ, ಸರಳ ಸಜ್ಜನಿಕೆಯ ಜೀವ, ಓದು ಬರಹ ಇಲ್ಲದಿದ್ದರೂ ಕಾಯಕವೇ ಕೈಲಾಸ ಎಂದು ನಂಬಿದ, ಒಂದು ದಿನವೂ ರಜೆ ಹಾಕದ..." ಹೀಗೆ ನಾಲ್ಕು ನಿಮಿಷ. ದನಿ ಚೆನ್ನಾಗಿತ್ತು. ನಮ್ಮ ಕಡೆ ಭಾಷಣ ಅಂದ್ರೆ ಹೀಗೇ ಇರಬೇಕು ಅನ್ನೋ ಹಾಗೆ ಇತ್ತು.

ಚಪಾತಿ ತಿನ್ನುತ್ತಿದ್ದ ಮಗಳು ಪೂರ್ತಿ ಕೇಳಿಸಿಕೊಂಡು, "ಆದ್ರೆ ಆ ಅಜ್ಜಿ ಏನು ಮಾಡಿದ್ರು ಮಮ್ಮಿ?" ಅಂದಳು.

ಅವಳ ಪ್ರಶ್ನೆಯಲ್ಲಿ ತುಂಟತನ ಇರಲಿಲ್ಲ. ಅವಳ ಶಾಲೆಯಲ್ಲಿ ಪ್ರತಿ ಶುಕ್ರವಾರ ಒಂದೊಂದು ಕ್ಲಾಸಿನಿಂದ ಒಬ್ಬರಿಗೆ ಸರ್ಟಿಫಿಕೇಟ್ ಕೊಡ್ತಾರೆ. ಅದರಲ್ಲಿ ಹೆಸರಿನ ಕೆಳಗೆ ಯಾತಕ್ಕೆ ಅಂತ ಒಂದು ಸಾಲು ಬರೆದಿರುತ್ತದೆ. ಅವಳಿಗೆ ಸಿಕ್ಕಿದ್ದರಲ್ಲಿ, ಭಿನ್ನರಾಶಿ ಲೆಕ್ಕ ತಪ್ಪಾದಾಗ ಚಿತ್ರ ಬರೆದು ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕಿದ್ದಕ್ಕೆ ಅಂತಿತ್ತು. ಹಾಗಾಗಿ ಮಾಮಾನ ಭಾಷಣದಲ್ಲಿ ಅವಳು ಆ ಸಾಲಿಗೇ ಕಾಯುತ್ತಿದ್ದಳು. ಅದು ಬರಲೇ ಇಲ್ಲ. (ಇಲ್ಲಿ ಎಲ್ಲ ಸರಿ ಇದೆ ಅಂತ ಅಲ್ಲ. ನಮ್ಮ ಆಫೀಸಿನ ಬೋರ್ಡಿನಲ್ಲಿ ತಿಂಗಳಿಗೊಬ್ಬರ ಫೋಟೋ ಹಾಕಿ, ಯಾರಿಗೆ ಬೇಕಾದ್ರೂ ಅಂಟಿಸಬಹುದಾದ ಎರಡು ಸಾಲು ಬರೀತಾರೆ. ಪೊಳ್ಳು ಹೊಗಳಿಕೆ ಇಂಗ್ಲಿಷಿನಲ್ಲೂ ಬೇಕಾದಷ್ಟಿದೆ.)

ತಮ್ಮನಿಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದೆ. "ಏನ್ ಮಾಡ್ಯಾಳ ಅಂದ್ರ? ನುಚ್ಚು ಕಮ್ಮಿ ಮಾಡ್ಯಾಳಲ್ಲಕ್ಕಾ!" ಅಂದ. ಭಾಷಣದಲ್ಲಿ ನುಚ್ಚಿನ ಮಾತೇ ಇರಲಿಲ್ಲ.

ಆಮೇಲೆ ಅವನು ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು ಅಂತ ನಾವೆಲ್ಲ ಎದೆ ಉಬ್ಬಿಸಿದ್ದೇ ಉಬ್ಬಿಸಿದ್ದು. ಆದ್ರೆ ತೊಗರಿ ಬೇಳೆಯಾಗೋದು ಸುಲಭ ಅಲ್ಲ. ಕಾಳಿಗೂ ಸಿಪ್ಪೆಗೂ ನಡುವೆ ಗೋಂದಿನಂಥ ಪದರ ಇರುತ್ತದೆ, ಅದು ಬಿಗಿಯಾಗಿ ಹಿಡಿದಿರುತ್ತದೆ. ಅದಕ್ಕೇ ಮೊದಲು ರೋಲರ್‌ಗೆ ಹಾಕಿ ಸಿಪ್ಪೆಗೆ ಗೀರು ಬೀಳಿಸ್ತಾರೆ, ಸ್ವಲ್ಪ ಎಣ್ಣೆ ಸವರ್ತಾರೆ, ರಾತ್ರಿ ರಾಶಿ ಹಾಕಿ ಬಿಡ್ತಾರೆ, ಆಮೇಲೆ ಎರಡು ಮೂರು ದಿನ ಯಾರ್ಡಿನಲ್ಲಿ ಬಿಸಿಲಿಗೆ ಹರಡ್ತಾರೆ. ಚೆನ್ನಾಗಿ ಒಣಗಿದ್ರೆ ಸಿಪ್ಪೆ ಸಡಿಲಾಗಿ, ರೋಲರ್ ಸುಮ್ನೆ ಮುಟ್ಟಿದ್ರೆ ಸಾಕು, ಬಿಟ್ಟುಕೊಳ್ಳುತ್ತದೆ. ಒಳಗೆ ಹಸಿ ಉಳಿದ್ರೆ ಸಿಪ್ಪೆ ಬಿಡಲ್ಲ. ಆಗ ಮಿಸ್ತ್ರಿ ಅದೇ ಕಾಳನ್ನ ಇನ್ನೊಂದು ಸಲ, ಮತ್ತೊಂದು ಸಲ ರೋಲರ್‌ಗೆ ಬಿಡ್ತಾನೆ. ಸಿಪ್ಪೆ ಜೊತೆ ಬೇಳೆಯ ಅಂಚೂ ಸವೆದು ಪುಡಿಯಾಗುತ್ತದೆ. ಬೇಳೆ ಆಗಬೇಕಾದದ್ದು ನುಚ್ಚಾಗಿ, ಪುಡಿಯಾಗಿ, ದನದ ಮೇವಿನ ರೇಟಿಗೆ ಹೋಗುತ್ತದೆ.

ಡಿಸೆಂಬರ್‌ನಲ್ಲಿ ಇವರ ಗಿರಣಿಯಲ್ಲಿ ನುಚ್ಚು ಜಾಸ್ತಿಯಾಯ್ತು. ಎಲ್ಲರೂ ಮಿಸ್ತ್ರಿಗೆ ಬೈದರು. ಮಿಸ್ತ್ರಿ, ರೋಲರ್ ಮೇಲಿನ ಕುರುಂಜ, ಅಂದ್ರೆ ಸಿಪ್ಪೆ ಉಜ್ಜುವ ಒರಟು ಲೇಪ, ಸವೆದಿದೆ ಅಂದ. ತಮ್ಮ ಹೊಸ ಕುರುಂಜ ಹಾಕಿಸಿದ. ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಒಂದು ದಿನ ಚೊಲೋ ಬೇಳೆ, ಇನ್ನೊಂದು ದಿನ ಅಂಚು ಒಡೆದದ್ದು.

ದೊಡ್ಡವ್ವ ಸಂಜೆ ರಾಶಿ ಬಳಿಯುವಾಗ ಕಾಳು ಹಲ್ಲಿಗೆ ಹಾಕಿ ನೋಡ್ತಾರಂತೆ. ಒಣಗಿದ್ದು ಕಟ್ ಅಂತ ಎರಡು ಹೋಳಾಗುತ್ತದೆ, ಹಸಿ ಇದ್ದದ್ದು ಹಲ್ಲಿಗೆ ಒತ್ತಿಕೊಳ್ಳುತ್ತದೆ. ಯಾರ್ಡಿನ ಒಂದು ಪಟ್ಟೆಯ ಕಾಳು ಮಾತ್ರ ದಿನಾ ಒತ್ತಿಕೊಳ್ಳುತ್ತಿತ್ತು. ಅದು ಹೊಸ ಗೋದಾಮಿನ ಬಡಗಣ ಬದಿಯ ಪಟ್ಟೆ. ಗೋದಾಮು ಕಟ್ಟಿದ್ದು ಬೇಸಿಗೆಯಲ್ಲಿ. ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೆ ಇರ್ತಾನೆ, ಗೋಡೆಗೆ ನೆರಳೇ ಇರಲ್ಲ. ಡಿಸೆಂಬರ್‌ನಲ್ಲಿ ತೆಂಕಣಕ್ಕೆ ವಾಲಿರ್ತಾನೆ. 20 ಅಡಿ ಗೋಡೆಗೆ ಮಟಮಟ ಮಧ್ಯಾಹ್ನವೂ ಸುಮಾರು 17 ಅಡಿ ನೆರಳು, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಬೇಸಿಗೆಯಲ್ಲಿ ನೋಡಿದವರಿಗೆ ಈ ನೆರಳು ಕಾಣೋದಾದ್ರೂ ಹೇಗೆ?

ಅವರು ಮುಕಾದಮನಿಗೆ ಹೇಳಿದರು. "ನಿನ್ನ ಕೆಲಸ ನೀ ನೋಡು" ಅಂದನಂತೆ. ದೊಡ್ಡವ್ವ ಜಗಳ ಮಾಡಲಿಲ್ಲ. ನೆರಳಿನ ಪಟ್ಟೆಯ ಕಾಳು ತುಂಬಿದ ಚೀಲಗಳ ಬಾಯಿಗೆ ಕೆಂಪು ಚಿಂದಿ ಕಟ್ಟಿದರು. ಮಿಸ್ತ್ರಿಗೆ, "ಇವನ್ನ ಬ್ಯಾರೆ ಬಿಡಪ್ಪ, ನುಚ್ಚು ಬ್ಯಾರೆ ತೂಗು" ಅಂದರು. ಅದೇ ವಾರ, ಅದೇ ರೋಲರ್. ಕೆಂಪು ಚಿಂದಿಯ ಕಾಳಿನಲ್ಲಿ ಕ್ವಿಂಟಲ್‌ಗೆ 6 ಕಿಲೋ ನುಚ್ಚು ಬಂದರೆ, ಬಿಸಿಲಿನ ಕಾಳಿನಲ್ಲಿ 4 ಕಿಲೋ. ಈಗ ಆ ಪಟ್ಟೆಯಲ್ಲಿ ಕಾಳು ಹರಡಲ್ಲ, ಖಾಲಿ ಚೀಲ ಇಡ್ತಾರೆ.

ಇಷ್ಟೆಲ್ಲ ಕೈಯಲ್ಲಿ ಇಟ್ಟುಕೊಂಡು ನನ್ನ ತಮ್ಮ ‘ನಿಷ್ಠೆಯ ಪ್ರತಿರೂಪ’ ಅಂತ ಬರೆದಿದ್ದ!

ಹೇಳಿದೆ: ಒಂದೊಂದು ಸಾಲಿನಲ್ಲೂ ದೊಡ್ಡವ್ವನ ಹೆಸರು ತೆಗೆದು ವಾಚ್‌ಮನ್ ಹೆಸರು ಹಾಕಿ ಓದು. ಹೊಂದಿಕೊಂಡರೆ ಆ ಸಾಲು ಹೊಡೆದು ಹಾಕು. ನಾಲ್ಕು ನಿಮಿಷದ ಭಾಷಣದಲ್ಲಿ ಉಳಿದದ್ದು ದಿನಾಂಕ ಮತ್ತು ನಮಸ್ಕಾರ. ‘ರಜೆ ಹಾಕದ’ ಅನ್ನೋದನ್ನ ನಾನೇ ತೆಗೆಸಿದೆ. ಜ್ವರ ಬಂದು ಮನೆಯಲ್ಲಿ ಮಲಗಿದ್ದ ಬೇರೆ ಹೆಣ್ಮಗಳಿಗೆ ಎದುರು ಕೂತು ಅದನ್ನ ಕೇಳಲು ಹೇಗಾಗಬೇಡ? ‘ಓದು ಬರಹ ಇಲ್ಲದಿದ್ದರೂ’ ಅನ್ನೋದಕ್ಕಂತೂ ನನಗೆ ಸಿಟ್ಟೇ ಬಂತು. ಶಾಲು ಹೊದಿಸುವ ಕೈಯಲ್ಲೇ ಚಿವುಟೋದು ಅದು.

ನುಚ್ಚಿನ ಲೆಕ್ಕದಲ್ಲೂ ಒಂದು ತೊಡಕಿತ್ತು. ಡಿಸೆಂಬರ್‌ಗೂ ಜನವರಿಗೂ ಹೋಲಿಸಿ, ಪೂರ್ತಿ ಇಳಿಕೆ ದೊಡ್ಡವ್ವನಿಂದಲೇ ಅಂತ ಹೇಳೋಣ ಅಂದ ತಮ್ಮ. ಆ ಸಂಖ್ಯೆ ದೊಡ್ಡದು, ಕೇಳಲು ಚೆಂದ. ಆದ್ರೆ ನಡುವೆ ಕುರುಂಜ ಬದಲಾಗಿದೆ. ಮಿಸ್ತ್ರಿ ಹಿಂದಿನ ಸಾಲಿನಲ್ಲಿ ಕೂತು ನಕ್ಕರೆ ಭಾಷಣ ಅಲ್ಲಿಗೆ ಮುಗಿಯಿತು. ಕೆಂಪು ಚಿಂದಿಯ 6 ಮತ್ತು 4 ಚಿಕ್ಕ ಲೆಕ್ಕ, ಆದರೆ ಅದನ್ನ ತೂಗಿದವನೇ ಮಿಸ್ತ್ರಿ. ಅದನ್ನೇ ಇಟ್ಟುಕೊಂಡೆವು.

ಕೊನೆಗೆ, ಮೊದಲು ಹೋಗಿ ದೊಡ್ಡವ್ವನನ್ನೇ ಕೇಳು ಅಂದೆ. ಕೇಳಿದ. ಅವರು ಎರಡು ಮಾತು ಹೇಳಿದರಂತೆ: ಮುಕಾದಮ ಬೈದದ್ದು ಎಲ್ಲರ ಮುಂದೆ ಬೇಡ, ನಾಳೆ ಅವನ ಕೈಕೆಳಗೇ ದುಡೀಬೇಕು. ಮತ್ತೆ, ಚೀಲ ಬೇರೆ ಮಾಡಿದ್ದು ತಾನೊಬ್ಬಳೇ ಅಲ್ಲ, ಇನ್ನೂ ಮೂವರು ಹೆಣ್ಮಕ್ಕಳು ಇದ್ದರು.

ಶನಿವಾರ ಅವನು ಹೇಳಿದ್ದು ಇಷ್ಟು:

"ಡಿಸೆಂಬರ್‌ದಾಗ ನಮ್ಮ ನುಚ್ಚು ಜಾಸ್ತಿ ಆಗಿತ್ತು. ನಾವೆಲ್ಲ ರೋಲರ್ ನೋಡಕತ್ತಿದ್ವಿ. ದೊಡ್ಡವ್ವ ಯಾರ್ಡ್ ನೋಡಿದ್ರು. ಗೋದಾಮಿನ ನೆರಳು ಬೀಳೋ ಕಡಿ ಕಾಳು ಒಣಗವಲ್ದು ಅಂತ ಹಲ್ಲಿಗೆ ಹಾಕಿ ಗುರುತು ಹಿಡಿದ್ರು. ಬರೇ ಹೇಳಿ ಬಿಡಲಿಲ್ಲ. ಆ ಚೀಲಕ್ಕ ಕೆಂಪು ಚಿಂದಿ ಕಟ್ಟಿ ಬ್ಯಾರೆ ಇಟ್ರು. ಮಿಸ್ತ್ರಿ ಬ್ಯಾರೆ ಬಿಟ್ಟು ಬ್ಯಾರೆ ತೂಗಿದ್ರು. ನೆರಳಿನ ಕಾಳಿಗೆ 6 ಕಿಲೋ, ಬಿಸಿಲಿನ ಕಾಳಿಗೆ 4. ಚೀಲ ಬ್ಯಾರೆ ಮಾಡಲಿಕ್ಕೆ ಅವರ ಜೋಡಿ ಇನ್ನೂ ಮೂವರು ಇದ್ರು, ಅವರೂ ಎದ್ದು ನಿಂದರ್ರಿ. ಇನ್ನ ಮ್ಯಾಲೆ ರಾಶಿ ಬಳಿಯೋ ಮುಂದ ದೊಡ್ಡವ್ವ ಹೂಂ ಅಂದ ಮ್ಯಾಲೇ ಚೀಲ ತುಂಬೋದು."

ಒಂದೂವರೆ ನಿಮಿಷವೂ ಆಗಲಿಲ್ಲ. ವಿಡಿಯೋದಲ್ಲಿ ತಮ್ಮ ‘6 ಕಿಲೋ’ ಅಂದಾಗ ಮಿಸ್ತ್ರಿ ತಲೆ ಆಡಿಸಿದ್ದು ಕಾಣುತ್ತದೆ. ಮಗಳು ಎರಡು ಸಲ ನೋಡಿ, ಕಾಳು ಕಚ್ಚಿ ನೋಡಬೇಕು ಅಂತ ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಇದ್ದದ್ದು ಬರೀ ಬೇಳೆ, ಸಿಪ್ಪೆ ಇರೋ ತೊಗರಿ ಮನೆಯಲ್ಲಿ ಇರಲಿಲ್ಲ.

ನನಗೆ ಅಪ್ಪನ ರಿಟೈರ್‌ಮೆಂಟ್ ನೆನಪಾಯ್ತು. ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬೀಳ್ಕೊಡುಗೆ ದಿನ ಸಾಲಾಗಿ ಭಾಷಣ, ಎಲ್ಲದರಲ್ಲೂ ಅಜಾತಶತ್ರು. ಅಪ್ಪ ಹಳೆ ಫೈಲುಗಳಲ್ಲಿ ಹೆಸರು ಒಂದಕ್ಕೊಂದು ತಾಳೆಯಾಗದೆ ನಿಂತುಹೋದ ವಿಧವೆಯರ ಪಿಂಚಣಿಗಳನ್ನ ಹುಡುಕಿ, ಊರೂರಿಗೆ ಕಾಗದ ಬರೆದು ಸರಿ ಮಾಡಿಸ್ತಿದ್ದರು. ಅದು ನಮ್ಮ ಮನೆಯವರಿಗೆ ಗೊತ್ತು, ಆ ಹೆಣ್ಮಕ್ಕಳಿಗೆ ಗೊತ್ತು. ವೇದಿಕೆ ಮೇಲೆ ಕೂತವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ್ರೆ ಯಾರಾದ್ರೂ ಅವರ ಟೇಬಲ್ ಹತ್ತಿರ ಹೋಗಿ ನೋಡಬೇಕಿತ್ತು, ಅಲ್ವಾ?

ಹೀಗೆ ಪೊಳ್ಳಾಗಿ ಹೊಗಳೋದಕ್ಕೆ ಬೇರೆ ಕಾರಣವೂ ಇದೆ ಅಂತ ಈಗ ಅನ್ನಿಸುತ್ತದೆ. ‘ನಿಷ್ಠೆಯ ಪ್ರತಿರೂಪ’ ಅಂದ್ರೆ ಒಂದು ಶಾಲಿನಲ್ಲಿ ಮುಗಿಯಿತು. ಕ್ವಿಂಟಲ್‌ಗೆ 2 ಕಿಲೋ ಉಳಿಸಿದರು ಅಂತ ಮೈಕಿನಲ್ಲಿ ಹೇಳಿದ ಮೇಲೆ, ಕೂತವರಲ್ಲಿ ಯಾರಾದ್ರೂ ಗುಣಿಸ್ತಾರೆ. ಈ ಸಲ ಗುಣಿಸಿದ್ದು ದೊಡ್ಡವ್ವನ ಪಕ್ಕ ನಿಂತಿದ್ದ ಹುಡುಗಿ. ಸೋಮವಾರ ಬೆಳಿಗ್ಗೆ ತಮ್ಮನ ಕೋಣೆಗೆ ಬಂದು, "ಸರ್, ಹೂಂ ಅನ್ನೋ ಜವಾಬ್ದಾರಿ ಕೊಟ್ರಿ, ದೊಡ್ಡವ್ವನ ಕೂಲಿ ಎಷ್ಟು ಹೆಚ್ಚು ಮಾಡ್ತೀರಿ?" ಅಂತ ಕೇಳಿದಳಂತೆ.

ತಮ್ಮ ಸಾಹುಕಾರರ ಹತ್ತಿರ ಹೋದ. ಅವರು ಯುಗಾದಿ ಕಳೀಲಿ ನೋಡೋಣ ಅಂದರು. ‘ಹಿಂಗೆಲ್ಲ ಲೆಕ್ಕ ಹೇಳಿ ಭಾಷಣ ಮಾಡಬ್ಯಾಡ’ ಅಂತಲೂ ಅಂದರಂತೆ. ನನಗೆ ಫೋನ್ ಮಾಡಿ, "ನಿನ್ನ ಮಾತ್ ಕೇಳಿ ನಾ ಸಿಕ್ಕೊಂಡೆ ನೋಡಕ್ಕಾ" ಅಂದ. ಯುಗಾದಿವರೆಗೆ ಕಾಯಬೇಡ, ಕೆಂಪು ಚಿಂದಿಯ ತೂಕದ ಚೀಟಿಗಳನ್ನ ತಗೊಂಡು ಮತ್ತೆ ಹೋಗು ಅಂದಿದ್ದೇನೆ. ಚೀಟಿಗಳು ಮಿಸ್ತ್ರಿ ಹತ್ತಿರ ಇವೆ. ಮುಂದಿನ ತಿಂಗಳ ಸನ್ಮಾನಕ್ಕೆ ತನ್ನ ಹೆಸರು ಬರೋದಾದ್ರೆ ಶಾಲು ಬೇಡ, ಎರಡನೇ ಶಿಫ್ಟಿಗೆ ಒಬ್ಬ ಹೆಲ್ಪರ್ ಕೊಡಿ ಅಂತ ಮಿಸ್ತ್ರಿ ಆಗಲೇ ಹೇಳಿಟ್ಟಿದ್ದಾನೆ.